ವಿಷಯ: ನವೆಂಬರ್ 24ರಿಂದ ಡಿಸೆಂಬರ್ 6ರವರೆಗೆ ಗಳಿಕೆ ರಜೆ ಕೋರಿ, ಆ ದಿನಗಳ ಕೆಲಸದ ವ್ಯವಸ್ಥೆ ಕುರಿತು

ಪೀಣ್ಯ, 27 ಅಕ್ಟೋಬರ್ 2025

ವಿಶ್ವನಾಥ ಸರ್ ಅವರಿಗೆ,
ನಮಸ್ಕಾರ.

ನವೆಂಬರ್ 24ನೇ ತಾರೀಕು ಸೋಮವಾರದಿಂದ ಡಿಸೆಂಬರ್ 6 ಶನಿವಾರದವರೆಗೆ ನನಗೆ ರಜೆ ಬೇಕಾಗಿದೆ. ನಡುವಿನ ಭಾನುವಾರ ಬಿಟ್ಟರೆ ಹನ್ನೆರಡು ದಿನ. ನನ್ನ ಖಾತೆಯಲ್ಲಿ ಗಳಿಕೆ ರಜೆ ಹತ್ತೊಂಬತ್ತು ದಿನ ಇದೆ ಎಂದು ಮಂಜುಳಾ ಮೇಡಂ ನೋಡಿ ಹೇಳಿದ್ದಾರೆ. 8ನೇ ತಾರೀಕು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುತ್ತೇನೆ.

ಕಾರಣ ನಿಮಗೆ ಸ್ವಲ್ಪ ಗೊತ್ತಿರುವುದೇ: ಶಿರಸಿ ಕಡೆ ನಮ್ಮ ಎರಡು ಎಕರೆ ಅಡಿಕೆ ತೋಟದಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ. ಇಷ್ಟು ವರ್ಷ ಅಪ್ಪಯ್ಯನೇ ನಿಂತು ಮಾಡಿಸುತ್ತಿದ್ದರು. ಈ ಬೇಸಿಗೆಯಲ್ಲಿ ಮಂಡಿಯ ಆಪರೇಷನ್ ಆದ ಮೇಲೆ ತೋಟದ ಇಳಿಜಾರು ಇಳಿಯುವುದು ಅವರಿಂದ ಆಗುತ್ತಿಲ್ಲ. ತಾರೀಕನ್ನು ಹಿಂದೆ ಮುಂದೆ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಅದು ನಮ್ಮ ಕೈಯಲ್ಲಿಲ್ಲ ಸರ್, ಕೊನೆಗೌಡನ ಕೈಯಲ್ಲಿದೆ. ಮರ ಹತ್ತುವವರು ಈಗ ಊರಿಗೆ ಇಬ್ಬರೋ ಮೂವರೋ. ಮನೆ ಮನೆಗೆ ಸರದಿ ಹಚ್ಚಿದ್ದಾರೆ, ನಮ್ಮ ಸರದಿ 25ಕ್ಕೆ. ಅದು ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು, ಅಷ್ಟರಲ್ಲಿ ಕಾಯಿ ಮರದಲ್ಲೇ ಹಣ್ಣಾಗುತ್ತದೆ. ಹಸಿಯಾಗಿ ಇಳಿಸಿ, ಸುಲಿದು, ಬೇಯಿಸಿದರೆ ಮಾತ್ರ ಕೆಂಪಡಿಕೆ. ಹಣ್ಣಾದರೆ ಚಾಲಿ ಮಾಡಬೇಕು, ಅದರ ಲೆಕ್ಕಾಚಾರವೇ ಬೇರೆ. ಕೊಯ್ಲು ಮೂರು ನಾಲ್ಕು ದಿನದ ಕೆಲಸ. ಆದರೆ ಇಳಿಸಿದ ಕೊನೆಯನ್ನು ಇಟ್ಟುಕೊಂಡು ಕೂರುವಂತಿಲ್ಲ. ಅದೇ ರಾತ್ರಿ ಸುಲಿಯಲು ಕೂರಬೇಕು, ಮರುದಿನ ಹಂಡೆಗೆ ಬೆಂಕಿ ಹಾಕಬೇಕು, ಆಮೇಲೆ ವಾರದ ಮಟ್ಟಿಗೆ ಅಟ್ಟದ ಮೇಲೆ ಒಣಗಿಸಬೇಕು. ಅದಕ್ಕೇ ಎರಡು ವಾರ ಕೇಳುತ್ತಿದ್ದೇನೆ.

ಇನ್ನು ಇಲ್ಲಿಯ ಕೆಲಸ. ಜೂನ್‌ನಲ್ಲಿ ನಾನು ಮೂರು ದಿನ ರಜೆ ಹಾಕಿದಾಗ ಆದದ್ದನ್ನು ನೀವು ಮರೆತಿರಲಿಕ್ಕಿಲ್ಲ, ನಾನಂತೂ ಮರೆತಿಲ್ಲ. ಹೊಸೂರಿಗೆ ಹೋಗಬೇಕಿದ್ದ ಗಾಡಿ ಲೋಡ್ ಆಗಿ ಗೇಟಿನಲ್ಲಿ ನಿಂತಿತ್ತು. ಇ-ವೇ ಬಿಲ್ ತೆಗೆಯಲು ಲಾಗಿನ್ ಮಾಡಿದರೆ ಓಟಿಪಿ ಬರುವುದು ನನ್ನ ಮೊಬೈಲಿಗೆ, ನನ್ನ ಮೊಬೈಲಿಗೆ ಊರಿನಲ್ಲಿ ಸಿಗ್ನಲ್ ಇಲ್ಲ. ನಾನು ಗುಡ್ಡ ಹತ್ತಿ ಫೋನ್ ಆನ್ ಮಾಡುವ ಹೊತ್ತಿಗೆ ಹದಿನಾಲ್ಕು ಮಿಸ್ಡ್ ಕಾಲ್, ಆರು ಓಟಿಪಿ, ಎಲ್ಲದರ ಅವಧಿಯೂ ಮುಗಿದಿತ್ತು. ಗಾಡಿ ಹೊರಟಿದ್ದು ಮರುದಿನ. ತಪ್ಪು ಪೂರ್ತಿ ನನ್ನದು, ಪಾಸ್‌ವರ್ಡ್ ಬರೆದುಕೊಟ್ಟರೆ ಸಾಕು ಅಂದುಕೊಂಡಿದ್ದೆ. ಈ ಸಲ ಹಾಗಾಗದಂತೆ ಇ-ವೇ ಬಿಲ್ ಪೋರ್ಟಲ್‌ನಲ್ಲಿ ಸುನೀತಾ ಅವರ ಹೆಸರಿಗೆ ಪ್ರತ್ಯೇಕ ಸಬ್-ಯೂಸರ್ ಮಾಡಿದ್ದೇನೆ. ಓಟಿಪಿ ಅವರ ನಂಬರಿಗೇ ಬರುತ್ತದೆ. ಕಳೆದ ಗುರುವಾರದಿಂದ ಮಧ್ಯಾಹ್ನದ ನಂತರದ ಡಿಸ್ಪ್ಯಾಚ್‌ಗೆಲ್ಲ ಅವರೇ ಬಿಲ್ ತೆಗೆಯುತ್ತಿದ್ದಾರೆ, ನಾನು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತೇನೆ. ಗಾಡಿ ನಂಬರ್ ಬದಲಾದರೆ ಪಾರ್ಟ್-ಬಿ ತಿದ್ದುವುದನ್ನೂ ಎರಡು ಸಲ ಮಾಡಿದ್ದಾರೆ. ಸ್ಟೋರ್ಸ್‌ನ ರಫೀಕ್‌ಗೆ ಒಂದೇ ಮಾತು ಹೇಳಿದ್ದೇನೆ: ಐವತ್ತು ಸಾವಿರ ದಾಟುವ ಮಾಲಿನ ವಿವರ ನಾಲ್ಕು ಗಂಟೆಯೊಳಗೆ ಸುನೀತಾ ಅವರ ಟೇಬಲ್ ಮೇಲಿರಬೇಕು, ಗಾಡಿ ಬಂದು ನಿಂತ ಮೇಲಲ್ಲ.

ಜಿಎಸ್‌ಟಿ ವಿಷಯದಲ್ಲಿ ತಾರೀಕುಗಳು ನಮ್ಮ ಪರವಾಗಿವೆ. ಅಕ್ಟೋಬರ್ ತಿಂಗಳ 3ಬಿ ನವೆಂಬರ್ 20ರೊಳಗೆ ಹೋಗಬೇಕು, ಅದನ್ನು 18ಕ್ಕೇ ಮುಗಿಸುತ್ತೇನೆ. ಮುಂದಿನ ಆರ್-1 ಡಿಸೆಂಬರ್ 11ಕ್ಕೆ, ಅಷ್ಟರಲ್ಲಿ ನಾನು ಬಂದಿರುತ್ತೇನೆ. ಪಿಎಫ್, ಇಎಸ್‌ಐ 15ಕ್ಕೆ, ಅದೂ ನನ್ನದೇ.

ನಡುವೆ ಸಿಕ್ಕಿಕೊಳ್ಳುವುದು ಸಂಬಳ ಮತ್ತು ಟಿಡಿಎಸ್. ಹಾಜರಿ 25ಕ್ಕೆ ಮುಗಿಯುತ್ತದೆ, ಸಂಬಳ 5ಕ್ಕೆ ಹೋಗಬೇಕು. ಶೀಟ್ ಅನ್ನು ಮಂಜುಳಾ ಮೇಡಂ ಮತ್ತು ಸುನೀತಾ ಸೇರಿ ಮಾಡುತ್ತಾರೆ. ಈ ತಿಂಗಳ ಸಂಬಳವನ್ನು ಪ್ರಯೋಗಕ್ಕೆಂದು ಅವರ ಕೈಯಲ್ಲೇ ಮಾಡಿಸಿದೆ. ರಾತ್ರಿ ಪಾಳಿಯ ಓವರ್‌ಟೈಮ್‌ನಲ್ಲಿ ಇಬ್ಬರದ್ದು ತಪ್ಪಾಗಿತ್ತು, ತಿದ್ದಿದ್ದೇವೆ. ನವೆಂಬರ್‌ನಲ್ಲಿ ಅದೊಂದು ಕಾಲಂ ಮೇಲೆ ನೀವೂ ಕಣ್ಣು ಹಾಯಿಸಿದರೆ ಒಳ್ಳೆಯದು. ಟಿಡಿಎಸ್ ಕಟ್ಟಲು ಕೊನೆಯ ದಿನ ಡಿಸೆಂಬರ್ 7, ಆದರೆ ಅದು ಭಾನುವಾರ. ಆದ್ದರಿಂದ 5ರಂದು ಸಂಬಳದ ಜೊತೆಗೇ ಚಲನ್ ಕಟ್ಟಿಬಿಡುವಂತೆ ಸುನೀತಾ ಅವರಿಗೆ ಹೇಳಿದ್ದೇನೆ. ನವೆಂಬರ್ 21ರವರೆಗಿನ ಕಡಿತಗಳ ಲೆಕ್ಕವನ್ನು ನಾನೇ ತಾಳೆ ನೋಡಿ ಕೊಟ್ಟು ಹೋಗುತ್ತೇನೆ.

ಬ್ಯಾಂಕಿನ ಒಂದು ಕೆಲಸಕ್ಕೆ ನಿಮ್ಮ ಸಹಿ ಬೇಕು. ಈಗ ಪಾವತಿ ಎಂಟ್ರಿ ಹಾಕುವವನು ನಾನೊಬ್ಬನೇ, ಅಪ್ರೂವ್ ಮಾಡುವವರು ನೀವು. ಆ ಎರಡು ವಾರಕ್ಕೆ ಸುನೀತಾ ಅವರಿಗೆ ಎಂಟ್ರಿ ಹಾಕುವ ಅಧಿಕಾರ ಕೊಡಬೇಕಾಗುತ್ತದೆ. ಫಾರಂ ತುಂಬಿಸಿ ನಿಮ್ಮ ಟ್ರೇಯಲ್ಲಿ ಇಟ್ಟಿದ್ದೇನೆ. ಬ್ಯಾಂಕಿನವರು ಮಾಡಿಕೊಡಲು ಒಂದು ವಾರ ಹಿಡಿಯಬಹುದು, ಹಾಗಾಗಿ ಈ ವಾರವೇ ಸಹಿಯಾದರೆ ಅನುಕೂಲ. ನನ್ನ ಐಡಿಯನ್ನೇ ಅವರಿಗೆ ಕೊಟ್ಟು ಹೋಗುವುದು ಸುಲಭ, ಆದರೆ ಅದು ಸರಿಯಲ್ಲ, ನಾಳೆ ಆಡಿಟರ್ ಕೇಳಿದರೆ ಉತ್ತರವಿರುವುದಿಲ್ಲ.

ಸಣ್ಣ ಸಪ್ಲೈಯರ್‌ಗಳ 45 ದಿನದ ಗಡುವಿನಲ್ಲಿ ಹೀಟ್ ಟ್ರೀಟ್‌ಮೆಂಟ್‌ನವರ ಮೂರು ಬಿಲ್ಲುಗಳು ನವೆಂಬರ್ 28ಕ್ಕೆ ಬೀಳುತ್ತವೆ. ಅವನ್ನು ನಾನು ಹೊರಡುವ ಮೊದಲು 21ಕ್ಕೇ ಎಂಟ್ರಿ ಹಾಕುತ್ತೇನೆ, ನೀವು ಅಪ್ರೂವ್ ಮಾಡಿದರೆ ಮುಗಿಯಿತು.

ಯಾರಿಗೂ ವಹಿಸಲಾಗದೆ ಉಳಿದಿರುವುದು ಒಂದೇ: ಮಳೆಗಾಲದಲ್ಲಿ ನೀರು ನುಗ್ಗಿ ಕೆಟ್ಟ ಗ್ರೈಂಡಿಂಗ್ ಮಷಿನ್‌ನ ಇನ್ಶೂರೆನ್ಸ್ ಫೈಲ್. ಅದರ ಹಿಂದು ಮುಂದು ನನಗೆ ಮಾತ್ರ ಗೊತ್ತು. ಎರಡು ಪುಟದಲ್ಲಿ ಬರೆದು ಫೈಲಿನ ಮೇಲೇ ಪಿನ್ ಮಾಡುತ್ತೇನೆ. ಆದರೂ ಸರ್ವೇಯರ್ ಆ ದಿನಗಳಲ್ಲಿ ಬರುತ್ತೇನೆ ಅಂದರೆ 8ನೇ ತಾರೀಕಿನ ನಂತರ ಬರಲು ಹೇಳುವುದೇ ಒಳ್ಳೆಯದು ಅನ್ನಿಸುತ್ತದೆ.

ಫೋನಿನಲ್ಲಿ ಸದಾ ಸಿಗುತ್ತೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಪಕ್ಕದ ಮನೆಯಲ್ಲಿ ವೈಫೈ ಇದೆ. ದಿನಾ ರಾತ್ರಿ ಎಂಟರಿಂದ ಒಂಬತ್ತರವರೆಗೆ ಅಲ್ಲಿ ಕೂತು ವಾಟ್ಸಾಪ್ ನೋಡುತ್ತೇನೆ, ಸುನೀತಾ ಅವರ ಪ್ರಶ್ನೆಗಳಿಗೆ ಉತ್ತರಿಸುತ್ತೇನೆ. ತೀರಾ ತುರ್ತಾದರೆ ಆ ಮನೆಯ ಲ್ಯಾಂಡ್‌ಲೈನ್ ನಂಬರ್ ಮಂಜುಳಾ ಮೇಡಂ ಹತ್ತಿರ ಇದೆ. ಯಾರಾದರೂ ತೋಟಕ್ಕೆ ಬಂದು ಕೂಗು ಹಾಕುತ್ತಾರೆ.

ಹನ್ನೆರಡು ದಿನ ಹೆಚ್ಚಾಯಿತು ಎಂದು ನಿಮಗೆ ಅನ್ನಿಸಿದರೆ ಮೊದಲ ವಾರ ಮಾತ್ರ ಕಡಿಮೆ ಮಾಡಲಾಗದು. ಎರಡನೇ ವಾರದಲ್ಲಿ ಒಣಗಿಸುವ ಕೆಲಸವನ್ನು ಅಮ್ಮನಿಗೂ ತಮ್ಮನ ಹೆಂಡತಿಗೂ ಒಪ್ಪಿಸಿ ಡಿಸೆಂಬರ್ 4 ಗುರುವಾರ ಬರಬಲ್ಲೆ. ಮೋಡ ಕಟ್ಟಿದರೆ ಅವರಿಗೆ ಕಷ್ಟ, ಹಾಗಾಗಿ ಪೂರ್ತಿ ರಜೆ ಸಿಕ್ಕರೆ ಉಪಕಾರವಾಗುತ್ತದೆ.

ಸುನೀತಾ ಅವರ ಹತ್ತಿರ ಮೊದಲೇ ಮಾತಾಡಿದ್ದೇನೆ, ಅವರು ಮನಸಾರೆ ಒಪ್ಪಿದ್ದಾರೆ. ಜನವರಿಯಲ್ಲಿ ಅವರ ತಂಗಿಯ ಮದುವೆ ಇದೆ, ಆಗ ಅವರ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿದ್ದೇನೆ. ಇದು ನಿಮ್ಮ ಗಮನಕ್ಕೂ ಇರಲಿ.

ಕೊನೆಗೌಡನಿಗೆ ನಾನು ಇದೇ ಶುಕ್ರವಾರದೊಳಗೆ ಮಾತು ಕೊಡಬೇಕಾಗಿದೆ. ಅಷ್ಟರೊಳಗೆ ನಿಮ್ಮ ಒಪ್ಪಿಗೆ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಗಣಪತಿ
ಅಕೌಂಟ್ಸ್ ವಿಭಾಗ

ಪ್ರತಿ: ಮಂಜುಳಾ ಮೇಡಂ, ಸುನೀತಾ