ಕೌದಿ

ಬಾಗಲಕೋಟೆಯ ನವನಗರದಿಂದ ರಾತ್ರಿ ಎಂಟಕ್ಕೆ ಬೆಂಗಳೂರಿಗೆ ಹೊರಟ ಬಸ್ಸಿನಲ್ಲಿ ಪ್ರಕಾಶನ ಪಕ್ಕದ ಸೀಟಿಗೆ ಅರವತ್ತು ದಾಟಿದ ಗಂಗವ್ವ ಎಂಬ ಹೆಂಗಸೊಬ್ಬಳು ಬಂದು ಕುಳಿತಳು. ಅವಳ ಕಾಲ ಬಳಿ ಒಂದು ಕೈಚೀಲವಿತ್ತು, ಮಡಿಲಲ್ಲಿ ಬಟ್ಟೆಯ ದೊಡ್ಡ ಗಂಟು. ಪ್ರಕಾಶನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲ್ ಮಾತ್ರ ಇತ್ತು. ಟಿಕೆಟ್ ತೋರಿಸುವಾಗಲೂ ಅವನು ಅದನ್ನು ಕೆಳಗಿಡಲಿಲ್ಲ.

ಅಮೀನಗಡದವರೆಗೆ ಇಬ್ಬರ ನಡುವೆ ಮಾತೇ ಇರಲಿಲ್ಲ. ಅಲ್ಲಿ ಬಸ್ ನಿಂತಾಗ, ಕರದಂಟಿನ ಅಂಗಡಿಗಳ ದೀಪ ನೋಡುತ್ತ ಅವಳೇ ಕೇಳಿದಳು.

“ಎಲ್ಲಿಗಿ ಹೊಂಟೀಪಾ ತಮ್ಮಾ?”

“ಬೆಂಗಳೂರಿಗ್ರೀ, ಅಕ್ಕನ ಮನಿಗಿ.”

“ಅಕ್ಕಗ ಕರದಂಟು ಒಯ್ಯಂಗಿಲ್ಲೇನು?”

“ಇಲ್ರೀ, ಅವಸರದಾಗ ಹೊಂಟೀನಿ.”

ಆ ಮಾತು ಮುಗಿದ ಮೇಲೂ ಬಸ್ ಹತ್ತು ನಿಮಿಷ ಅಲ್ಲೇ ನಿಂತಿತ್ತು. ಅವನು ಇಳಿಯಲಿಲ್ಲ.

ಹುನಗುಂದ, ಇಳಕಲ್ ದಾಟಿ ಕುಷ್ಟಗಿಯ ಬಯಲಿಗೆ ಬರುವಷ್ಟರಲ್ಲಿ, ಪೂರ್ತಿ ಮುಚ್ಚದ ಕಿಟಕಿಯ ಸಂದಿಯಿಂದ ಥಂಡಿ ಗಾಳಿ ಒಳಗೆ ನುಗ್ಗತೊಡಗಿತು. ಗಂಗವ್ವ ಗಂಟು ಬಿಚ್ಚಿ ಕೌದಿಯೊಂದನ್ನು ತೆಗೆದು ಅರ್ಧವನ್ನು ತನ್ನ ಮೇಲೆ ಹೊದ್ದುಕೊಂಡು, ಉಳಿದರ್ಧವನ್ನು ಕೇಳದೆಯೇ ಅವನ ಮೊಣಕಾಲಿಗೆ ಹೊದಿಸಿದಳು. ಮಗಳು ಹೆತ್ತಿದ್ದಾಳೆ, ಕೂಸಿಗೆಂದು ಹೊಲಿದದ್ದು ಎಂದಳು.

ಫೋನಿನ ಬೆಳಕಿನಲ್ಲಿ ಅವನು ಕೌದಿಯ ನಡುವಿನ ತುಂಡನ್ನು ನೋಡಿದ. ಅರ್ಧ ಹತ್ತಿಯ ಒಡಲು, ಅರ್ಧ ಕೆಂಪು ರೇಷ್ಮೆಯ ಸೆರಗು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಮಗ್ಗದಲ್ಲೇ ಹಾಕುವ ಕೊಂಡಿ ಒಂದು ಸಣ್ಣ ಗೆರೆಯಾಗಿ ಅಲ್ಲಿ ಕಾಣುತ್ತಿತ್ತು. ಕತ್ತರಿಸಿದವಳು ಆ ಗೆರೆಗೆ ಮಾತ್ರ ಕತ್ತರಿ ತಾಗಿಸಿರಲಿಲ್ಲ.

“ಛಲೋ ಸೀರಿ ಹರದೀರಲ್ರೀ.”

“ಇಪ್ಪತ್ತು ವರ್ಷದ ಮ್ಯಾಲಾತು, ಒಂದ ದಿನ ಉಟ್ಟಿಲ್ಲ. ಉಡಾಕ ಮನಸ್ಸಾಗಲಿಲ್ಲ.”

ಬಹಳ ಹೊತ್ತಿನ ಮೇಲೆ ಉಳಿದದ್ದನ್ನು ಹೇಳಿದಳು. ಅವಳ ತವರುಮನೆ ಹಳೆ ಬಾಗಲಕೋಟೆಯ ಕಿಲ್ಲಾದಲ್ಲಿತ್ತು. ಆಲಮಟ್ಟಿಯ ಹಿನ್ನೀರು ಊರಿಗೆ ಬರುವುದು ಖಾತ್ರಿಯಾಗಿ, ಪರಿಹಾರದ ಹಣದ ಮಾತು ಶುರುವಾದಾಗ ಅಣ್ಣಂದಿರು ಅವಳನ್ನು ಕರೆಯಲು ಬಂದರು. ನಮ್ಮ ಸೀಮೆಯಲ್ಲಿ ಮದುವೆಯಾದ ಮಗಳು ನಾಗರಪಂಚಮಿಗೆ ತವರಿನ ಕರೆ ಕಾಯುತ್ತಾಳೆ, ಅದು ಬಾರದ ವರ್ಷ ಯಾರಿಗೂ ಕಾಣದಂತೆ ಕಣ್ಣೊರೆಸಿಕೊಳ್ಳುತ್ತಾಳೆ.

“ಪಂಚಮಿಗಿ ಕರೀದವರು ಅವತ್ತ ಜೀಪು ತಂದಿದ್ರು. ಹೆಬ್ಬೆಟ್ಟು ಒತ್ತಿಸಿಕೊಂಡು, ಉಡಿ ತುಂಬಿ, ಈ ಸೀರಿ ಕೊಟ್ಟು ಕಳಿಸಿದ್ರು. ಕೇಳಿದ್ರ ನಾನ ಬಿಟ್ಟು ಕೊಡತಿದ್ದೆ, ತಮ್ಮಾ. ಕಾಗದದಾಗ ಏನೈತಿ ಅಂತ ಒಬ್ಬರೂ ಓದಿ ಹೇಳಲಿಲ್ಲ.”

ಬೇಸಿಗೆಯಲ್ಲಿ ನೀರು ಸರಿದಾಗ ದಂಡೆಗೆ ಹೋಗಿ, ಮನೆ ಇದ್ದ ದಿಕ್ಕಿಗೆ ನೋಡಿ ಬರುತ್ತಾಳಂತೆ.

ಹೊಸಪೇಟೆಯಲ್ಲಿ ಚಹಾ ಕುಡಿಯಲು ಎಲ್ಲರೂ ಇಳಿದರೂ ಪ್ರಕಾಶ ಇಳಿಯಲಿಲ್ಲ. ಚಿತ್ರದುರ್ಗ ಸಮೀಪಿಸಿದಾಗ, ಅವಳು ನಿದ್ದೆ ಮಾಡಿಲ್ಲವೆಂದು ತಿಳಿದೇ, ಕತ್ತಲೆಗೆ ಹೇಳುವಂತೆ ಹೇಳತೊಡಗಿದ. ಅವನ ಊರು ಬೀಳಗಿ ತಾಲ್ಲೂಕಿನದು. ಆಲಮಟ್ಟಿಯ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಮನೆಯೂ ಹೊಲವೂ ಮುಳುಗಡೆಗೆ ಹೋಗುತ್ತವೆ. 2005ರ ಕಾನೂನಿನಂತೆ ಹೆಣ್ಣುಮಕ್ಕಳಿಗೂ ಸಮಪಾಲು ಇರುವುದರಿಂದ ಅಕ್ಕನ ಒಪ್ಪಿಗೆ ಪತ್ರ ಈಗಲೇ ಕೈಯಲ್ಲಿರಲಿ ಎಂದು ಅಣ್ಣ ಇವನನ್ನು ಕಳಿಸಿದ್ದ.

“ಅಕ್ಕಗ ಗೊತ್ತೈತೇನು?”

“ಇಲ್ರೀ. ಸುಮ್ಮ ನೋಡಿ ಹೋಗಾಕ ಬರತೀನಿ ಅಂದೀನಿ. ಮೂರು ವರ್ಷದ ಮ್ಯಾಲೆ ಬರಾಕತ್ತೀನಂತ ಆಕಿಗಿ ಭಾಳ ಖುಷಿ ಆಗೇತ್ರೀ.”

ಗಂಗವ್ವ ಬೈಯಲಿಲ್ಲ. ಸ್ವಲ್ಪ ತಡೆದು, “ಸಣ್ಣಾಂವ ಇದ್ದಾಗ ನಿನ್ನ ಯಾರು ಎತ್ತಿ ಆಡಿಸಿದ್ರು?” ಎಂದು ಕೇಳಿದಳು.

“ಆಕೀನ ರೀ. ಅವ್ವ ಕೂಲಿಗಿ ಹೋಗಾಕಿ. ನನ್ನ ಸಲುವಾಗಿ ಅಕ್ಕ ಏಳನೆತ್ತೆಕ್ಕ ಸಾಲಿ ಬಿಟ್ಟಳು.” ಇಷ್ಟು ಹೇಳಿ ಅವನು ಕೌದಿಯ ತುದಿಯಿಂದ ಮುಖ ಒರೆಸಿಕೊಂಡ. ಕೂಸಿಗೆಂದು ಹೊಲಿದ ಕೌದಿ ಅದು. ಗಂಗವ್ವ ನೋಡಿಯೂ ಏನೂ ಅನ್ನಲಿಲ್ಲ.

ತುಮಕೂರು ದಾಟಿ ಬೆಳಗಾಗುತ್ತಿರುವಾಗ ಫೋನ್ ಬಂತು. ಎಲ್ಲಿಗೆ ಬಂದೆ, ನೀರು ಕಾಯಿಸಲೇ ಎಂದು ಆ ಕಡೆಯ ದನಿ ಕೇಳುತ್ತಿತ್ತು. ಪ್ರಕಾಶ ಎರಡು ಸಲ ಗಂಟಲು ಸರಿಪಡಿಸಿಕೊಂಡ.

“ಅಕ್ಕಾ, ನಾ ಒಂದು ಕಾಗದ ತಂದೀನಿ. ಮೊದಲ ಅದರಾಗ ಏನೈತಿ ಅಂತ ಪೂರ್ತಿ ಓದಿ ಹೇಳತೀನಿ. ಅಲ್ಲೀತನಕ ನೀ ಏನೂ ಬರದು ಕೊಡಬ್ಯಾಡ.”

ಗಂಗವ್ವ ಕೌದಿಯನ್ನು ಸೆರಗಿನ ತುಂಡು ಒಳಗೆ ಬರುವಂತೆ ಮಡಚಿ ಗಂಟು ಕಟ್ಟಿದಳು. ಆಮೇಲೆ ಕೈಚೀಲದಿಂದ ಕಟಕ ರೊಟ್ಟಿಯ ಕಟ್ಟೊಂದನ್ನೂ ಶೇಂಗಾ ಚಟ್ನಿಯ ಪೊಟ್ಟಣವನ್ನೂ ತೆಗೆದು ಅವನ ಫೈಲಿನ ಮೇಲಿಟ್ಟಳು.

“ತವರಿಂದ ಬರಿಗೈಲೆ ಹೋಗಬಾರದಪ. ಊರಿಂದ ತಂದೀನಿ ಅಂತ ಹೇಳು.”