ಯುಗಾದಿ ಮತ್ತು ರಂಜಾನ್ ರಜೆ: ಗ್ರಾಹಕರಿಗೆ ಸೂಚನೆ

ದಾವಣಗೆರೆ, 9 ಮಾರ್ಚ್ 2026

ಮಾನ್ಯ ಗ್ರಾಹಕರೇ,

ಈ ವರ್ಷ ಯುಗಾದಿ ಮತ್ತು ರಂಜಾನ್ ಒಂದೇ ವಾರದಲ್ಲಿ ಬಂದಿರುವುದರಿಂದ ನಮ್ಮ ಮೋಟಾರ್ ರಿವೈಂಡಿಂಗ್ ಮತ್ತು ಪಂಪ್‌ಸೆಟ್ ರಿಪೇರಿ ವರ್ಕ್‌ಶಾಪ್ ಮಾರ್ಚ್ 18ರ ಬುಧವಾರ, ಅಮಾವಾಸ್ಯೆಯ ದಿನ, ಮಧ್ಯಾಹ್ನ ಒಂದು ಗಂಟೆಗೆ ಮುಚ್ಚಿ 23ರ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ತೆರೆಯುತ್ತದೆ. ಗುರುವಾರ ಯುಗಾದಿ. ರಂಜಾನ್ ಹಬ್ಬವು ಚಂದ್ರದರ್ಶನವನ್ನು ಅನುಸರಿಸಿ ಶುಕ್ರವಾರ ಅಥವಾ ಶನಿವಾರ ಬೀಳುತ್ತದೆ. ನಮ್ಮಲ್ಲಿ ವೈಂಡಿಂಗ್ ಮಾಡುವ ಹಿರಿಯ ಕೆಲಸಗಾರರು ಆ ಹಬ್ಬ ಆಚರಿಸುವವರಾದ್ದರಿಂದ ಎರಡೂ ದಿನ ವೈಂಡಿಂಗ್ ಕೆಲಸ ಇರುವುದಿಲ್ಲ. ಒಂದು ವೇಳೆ ಹಬ್ಬ ಶುಕ್ರವಾರವೇ ಆದಲ್ಲಿ ಶನಿವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ ಬಾಗಿಲು ತೆರೆದು, ಸಿದ್ಧವಾಗಿರುವ ಮೋಟಾರ್‌ಗಳನ್ನು ಮಾತ್ರ ಕೊಡುತ್ತೇವೆ.

ಹಬ್ಬಕ್ಕೆ ಮೊದಲು ಮೋಟಾರ್ ಕೈಗೆ ಬೇಕಾದವರು ಅದನ್ನು 14ರ ಶನಿವಾರ ಸಂಜೆಯೊಳಗೆ ತಂದು ಒಪ್ಪಿಸಬೇಕು. ಸೋಮವಾರ ತಂದು ಮಂಗಳವಾರವೇ ಕೊಡಿ ಎಂದು ಪ್ರತಿ ವರ್ಷ ಕೆಲವರು ಪಟ್ಟು ಹಿಡಿಯುತ್ತಾರೆ. ಆದರೆ ಬಾವಿಯ ಮೇಲಿಡುವ ಮಾನೋಬ್ಲಾಕ್ ಮೋಟಾರ್‌ಗೆ ಹಾಕಿದ ವಾರ್ನಿಷ್ ಸರಿಯಾಗಿ ಒಣಗದೆ ಕೊಟ್ಟರೆ ಅದು ಹಬ್ಬ ಮುಗಿಯುವ ಮೊದಲೇ ಸುಟ್ಟು ವಾಪಸ್ ಬರುತ್ತದೆ, ಆಗ ತಾಮ್ರದ ತಂತಿಯ ಖರ್ಚು ಇನ್ನೊಮ್ಮೆ ಬೀಳುವುದು ನಿಮಗೇ. ಆದ್ದರಿಂದ ಈ ವಿಷಯದಲ್ಲಿ ಒತ್ತಾಯ ಮಾಡದಿರಲು ಕೋರುತ್ತೇವೆ.

ಬೇಸಿಗೆಯಲ್ಲಿ ಐದು ದಿನ ನೀರಿಲ್ಲದೆ ಇರುವುದು ಎಲ್ಲರಿಗೂ ಸಾಧ್ಯವಿಲ್ಲವೆಂದು ನಮಗೆ ಗೊತ್ತಿದೆ. ಅದಕ್ಕಾಗಿ ರಜೆಯ ಎಲ್ಲ ದಿನಗಳಲ್ಲೂ ಬೆಳಗ್ಗೆ ಏಳರಿಂದ ಸಂಜೆ ಐದರವರೆಗೆ ಒಬ್ಬ ಮೆಕ್ಯಾನಿಕ್, ಇಬ್ಬರು ಸಹಾಯಕರು ಮತ್ತು ಪಂಪ್ ಎತ್ತುವ ಗಾಡಿ ಸಿದ್ಧವಾಗಿರುತ್ತವೆ. ಊರಿನ ಅಥವಾ ಹಾಸ್ಟೆಲ್‌ನ ಕುಡಿಯುವ ನೀರಿನ ಕೊಳವೆಬಾವಿ, ಆಸ್ಪತ್ರೆ, ದನಕರುಗಳಿಗೆ ಬೇರೆ ನೀರಿನ ಆಸರೆಯಿಲ್ಲದ ತೋಟದ ಮನೆ, ಇವುಗಳಿಗೆ ಮೊದಲ ಆದ್ಯತೆ. ಅನಂತರ ಹೊಸದಾಗಿ ಕೂರಿಸಿದ ಅಡಿಕೆ ಸಸಿಗಳಿರುವ ತೋಟಗಳು. ಬಲಿತ ತೋಟದವರು ಮತ್ತು ಭದ್ರಾ ನಾಲೆಯ ನೀರು ಸಿಗುವವರು ಸೋಮವಾರದವರೆಗೆ ತಾಳಿಕೊಳ್ಳಬೇಕು. ಜಗಳೂರಿನ ಕಡೆಯಿಂದ ಕುಡಿಯುವ ನೀರಿಗೆ ಕರೆ ಬಂದಾಗ ಗಾಡಿ ಮತ್ತೆಲ್ಲೋ ಸಿಕ್ಕಿಕೊಂಡಿರಬಾರದೆಂಬುದೇ ಇದಕ್ಕೆ ಕಾರಣ. ಕತ್ತಲಾದ ಮೇಲೆ ಯಾರೇ ಹೇಳಿದರೂ ಕೊಳವೆಬಾವಿಯಿಂದ ಪಂಪ್ ಎತ್ತುವುದಿಲ್ಲ.

ರಜೆಯಲ್ಲಿ ಸುಟ್ಟ ಮೋಟಾರ್ ಅನ್ನು ಕಟ್ಟಿಕೊಡಲಾಗುವುದಿಲ್ಲ. ಅದರ ಬದಲು 5 ಮತ್ತು 7.5 ಎಚ್.ಪಿ.ಯ ಸಬ್‌ಮರ್ಸಿಬಲ್ ಮೋಟಾರ್‌ಗಳನ್ನು ದಿನಬಾಡಿಗೆಗೆ ಇಳಿಸಿಕೊಡುತ್ತೇವೆ. ಎತ್ತಿ ಇಳಿಸುವ ದರ ಮಾಮೂಲಿನಂತೆಯೇ ಇರುತ್ತದೆ. ಹಬ್ಬ ಬಿಟ್ಟು ಬರುವ ಕೆಲಸಗಾರರಿಗೆ ಮಾತ್ರ ಒಂದೂವರೆ ಪಟ್ಟು ಕೂಲಿ ಕೊಡಬೇಕಾಗುತ್ತದೆ, ಅದನ್ನು ಬಿಲ್ಲಿನಲ್ಲಿ ಬೇರೆ ಸಾಲಿನಲ್ಲೇ ತೋರಿಸುತ್ತೇವೆ.

ತುರ್ತು ಕರೆಗೆ ನಮ್ಮ ಬಿಲ್ಲಿನ ಮೇಲ್ಭಾಗದಲ್ಲಿ ಕೆಂಪು ಅಕ್ಷರದಲ್ಲಿ ಅಚ್ಚಾಗಿರುವ ಎರಡನೆಯ ನಂಬರನ್ನೇ ಬಳಸಿರಿ. ಅಂಗಡಿಯ ನಂಬರ್ ಆ ದಿನಗಳಲ್ಲಿ ಬಂದ್ ಇರುತ್ತದೆ. ಊರು, ಮೋಟಾರ್‌ನ ಎಚ್.ಪಿ., ಪಂಪ್ ಇಳಿಸಿರುವ ಆಳ, ಪೈಪ್ ಕಬ್ಬಿಣದ್ದೋ ಪ್ಲಾಸ್ಟಿಕ್‌ನದ್ದೋ ಎಂಬುದನ್ನು ಹೇಳಿ, ಸ್ಟಾರ್ಟರ್ ಬಾಗಿಲು ಮುಚ್ಚಿದ ಸ್ಥಿತಿಯಲ್ಲೇ ಮೀಟರ್ ಮತ್ತು ದೀಪಗಳು ಕಾಣುವಂತೆ ಒಂದು ಫೋಟೋವನ್ನು ಅದೇ ನಂಬರಿನ ವಾಟ್ಸಾಪ್‌ಗೆ ಕಳುಹಿಸಿದರೆ ಬೇಕಾದ ಸಾಮಾನು ಒಂದೇ ಸಲಕ್ಕೆ ಗಾಡಿಗೆ ಹಾಕಬಹುದು.

ಕರೆ ಮಾಡುವ ಮುನ್ನ ಮೂರೂ ಫೇಸಿನ ದೀಪ ಉರಿಯುತ್ತಿದೆಯೇ ನೋಡಿರಿ. ಒಂದು ಫೇಸ್ ಹೋಗಿದ್ದರೆ ಮೋಟಾರ್ ತಿರುಗದೆ ಗುಂಯ್‌ಗುಡುತ್ತದೆ, ಆಗ ಪಚ್ಚೆ ಬಟನ್ ಮತ್ತೆ ಮತ್ತೆ ಒತ್ತಿದರೆ ಚೆನ್ನಾಗಿದ್ದ ವೈಂಡಿಂಗ್ ಕೂಡ ಸುಟ್ಟುಹೋಗುತ್ತದೆ. ರಿಲೇ ಪದೇ ಪದೇ ಬೀಳುತ್ತಿದ್ದರೆ ಅದಕ್ಕೆ ಕಡ್ಡಿ ಸಿಕ್ಕಿಸಿ ಓಡಿಸಬೇಡಿರಿ. ಟಿ.ಸಿ. ಕೆಟ್ಟಿದ್ದರೆ ಅಥವಾ ಲೈನ್ ಹರಿದಿದ್ದರೆ ನಾವು ಬಂದೂ ಪ್ರಯೋಜನವಿಲ್ಲ. ಬೆಸ್ಕಾಂನ 1912ಕ್ಕೆ ದೂರು ಕೊಡಿರಿ, ಹರಿದ ತಂತಿಯ ಹತ್ತಿರ ಯಾರನ್ನೂ ಬಿಡಬೇಡಿರಿ.

ಮಾರ್ಚ್ 31ರೊಳಗೆ ಜಿ.ಎಸ್.ಟಿ. ಬಿಲ್ ಬೇಕಿರುವ ಗ್ರಾಮ ಪಂಚಾಯಿತಿಯವರು 17ರ ಮಂಗಳವಾರದೊಳಗೆ ಅಥವಾ 23ರ ನಂತರ ಬಂದು ಪಡೆಯಬೇಕು. ರಜೆಯಲ್ಲಿ ಹೋದ ತುರ್ತು ಕೆಲಸಗಳಿಗೆ ಸ್ಥಳದಲ್ಲಿ ಕೈಬರಹದ ಚೀಟಿ ಮಾತ್ರ ಕೊಡುತ್ತೇವೆ. ಅದನ್ನು ತೋರಿಸಿದರೆ ಸೋಮವಾರದಿಂದ ಬಿಲ್ ಸಿಗುತ್ತದೆ.

ಎಲ್ಲ ಗ್ರಾಹಕರಿಗೂ ಯುಗಾದಿ ಮತ್ತು ರಂಜಾನ್ ಹಬ್ಬದ ಶುಭಾಶಯಗಳು.

ಇಂತಿ,
ಮಾಲೀಕರು ಮತ್ತು ಸಿಬ್ಬಂದಿ ವರ್ಗ
ಮೋಟಾರ್ ರಿವೈಂಡಿಂಗ್ ವರ್ಕ್‌ಶಾಪ್, ಹಳೇ ಪಿ.ಬಿ. ರಸ್ತೆ, ದಾವಣಗೆರೆ