ತಪ್ಪಿ ನಿಮ್ಮ ಖಾತೆಗೆ ಬಂದ 18,500 ರೂಪಾಯಿ

ನಮಸ್ಕಾರ ಶೆಟ್ರೇ,

ನಾನು ಗಣೇಶ, ಡೊಂಬಿವಲಿಯಿಂದ. ನಿಮಗೆ ನನ್ನ ಪರಿಚಯವಿಲ್ಲ. ನಿನ್ನೆ, ಜುಲೈ 3ರ ಸಂಜೆ 7:40ಕ್ಕೆ, ಯುಪಿಐಯಲ್ಲಿ ನಿಮ್ಮ ನಂಬರಿಗೆ 18,500 ರೂಪಾಯಿ ಕಳಿಸಿಬಿಟ್ಟಿದ್ದೇನೆ. ಅದು ನಮ್ಮ ಮನೆ ಬಾಡಿಗೆ. ಮಾಲೀಕರ ನಂಬರಿನ ಕೊನೆಯಲ್ಲಿ 35 ಇದೆ, ನಾನು 53 ಒತ್ತಿದೆ. ಅವರೂ ಶೆಟ್ಟರೇ, ಹಾಗಾಗಿ ಹೆಸರು ಬಂದಾಗಲೂ ಅನುಮಾನ ಬರಲಿಲ್ಲ. ಲೋಕಲ್‌ನಲ್ಲಿ ನಿಂತುಕೊಂಡು ಕಳಿಸಿದ್ದು, ತಪ್ಪು ಪೂರ್ತಿ ನನ್ನದೇ.

ಬ್ಯಾಂಕಿನಲ್ಲಿ ದೂರು ಕೊಟ್ಟಿದ್ದೇನೆ. ನೀವು ಒಪ್ಪದೆ ಹಣ ವಾಪಸ್ ತೆಗೆಯಲು ಆಗುವುದಿಲ್ಲ ಎಂದರು.

ಇಂಥ ಮೆಸೇಜ್ ಹಾಕಿ ಮೋಸ ಮಾಡುವವರೂ ಇದ್ದಾರೆ, ಅಲ್ವಾ? ಸುಮ್ನೆ ನನ್ನ ಮಾತು ನಂಬಬೇಡಿ. ಸ್ಕ್ರೀನ್‌ಶಾಟ್ ಬಿಡಿ, ನಿಮ್ಮ ಪಾಸ್‌ಬುಕ್ಕೇ ನೋಡಿ. ಯುಟಿಆರ್ ನಂಬರಿನ ಕೊನೆಯ ನಾಲ್ಕು ಅಂಕಿ 4718. ಹಣ ಬಂದ ಯುಪಿಐ ಐಡಿಗೇ ವಾಪಸ್ ಹಾಕಿ, ಬೇರೆ ನಂಬರಿಗೆ ಬೇಡ. ಇಲ್ಲವೇ ನಿಮ್ಮ ಬ್ಯಾಂಕಿಗೆ ಹೋಗಿ ಒಪ್ಪಿಗೆ ಬರೆದುಕೊಡಿ, ಅದೂ ಆಗುತ್ತದೆ. ನಾನು ಲಿಂಕ್ ಕಳಿಸುವುದಿಲ್ಲ, ಓಟಿಪಿ, ಪಿನ್ ಕೇಳುವುದಿಲ್ಲ.

ಮಾಲೀಕರು 7ನೇ ತಾರೀಕಿನವರೆಗೆ ಕಾಯುತ್ತೇನೆ ಎಂದಿದ್ದಾರೆ. ಅಷ್ಟರೊಳಗೆ ಆದರೆ ದೊಡ್ಡ ಉಪಕಾರ. ಮಾತಾಡಬೇಕು ಅನಿಸಿದರೆ ಇದೇ ನಂಬರಿಗೆ ರಾತ್ರಿ 9ರ ಮೇಲೆ ಫೋನ್ ಮಾಡಿ.

ಗಣೇಶ